ಬಾಯಿಪಾಠದ ಮಾತು, ಬಾಯಲ್ಲಿ ಹುಟ್ಟಿದ ಮಾತು: ಅವೃತ್ತಿಪರ ನಟರ ನಿರ್ದೇಶನದಲ್ಲಿ ಆಡುನುಡಿಯ ಪ್ರಶ್ನೆ

ವಾಸ್ತವವಾದಿ ಕಥಾಚಿತ್ರಗಳಲ್ಲಿ ಅವೃತ್ತಿಪರ ನಟರನ್ನು ಬಳಸುವ ಪದ್ಧತಿಯ ಚರ್ಚೆ ಸಾಮಾನ್ಯವಾಗಿ ಮುಖದ ಸುತ್ತಲೇ ನಡೆಯುತ್ತದೆ. ಬಿಸಿಲಿಗೆ ಬಾಡಿದ ಮುಖ, ದುಡಿದ ಕೈ, ಹೊಲದಲ್ಲಿ ನಡೆದು ರೂಢಿಯಾದ ನಡಿಗೆ ಇವೆಲ್ಲ ವೃತ್ತಿನಟನಿಗೆ ಸುಲಭವಾಗಿ ದಕ್ಕುವುದಿಲ್ಲವೆಂಬ ವಾದ ಸರಿಯೇ. ಆದರೆ ಮುಖದ ಜೊತೆಗೆ ಅಂಥ ನಟ ತರುವ ಮತ್ತೊಂದು ಸಂಪತ್ತು ಅವನ ನುಡಿ. ಮುಖ ಕ್ಯಾಮೆರಾದ ಎದುರು ಅಷ್ಟು ಬೇಗ ಬದಲಾಗದು; ನುಡಿ ಬದಲಾಗುತ್ತದೆ. ಬರೆದ ಸಂಭಾಷಣೆಯನ್ನು ಕೈಗಿತ್ತು ಬಾಯಿಪಾಠ ಮಾಡಿಸಿದ ಕ್ಷಣದಲ್ಲಿ, ಯಾರ ಮಾತಿಗಾಗಿ ಅವನನ್ನು ಆರಿಸಲಾಗಿತ್ತೋ ಆ ಮಾತುಗಾರನೇ ಅಲ್ಲಿಂದ ಎದ್ದುಹೋಗಿರುತ್ತಾನೆ.

ನಮ್ಮ ಗಡಿಭಾಗದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಔರಾದ ಶಹಾಜನಿ, ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ಕನ್ನಡ ಮನೆಮಾತಿನವರಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದವರು ಬಹಳ. ಕನ್ನಡ ಅವರ ನಾಲಿಗೆಯ ಮೇಲಿದೆ, ಆದರೆ ಕಣ್ಣಿಗೆ ಒಗ್ಗಿದ ಲಿಪಿ ದೇವನಾಗರಿ. ಇಂಥವರ ಕೈಗೆ ಗ್ರಾಂಥಿಕ ಕನ್ನಡದ ಸಂಭಾಷಣೆಯನ್ನು ಕೊಟ್ಟರೆ ಓದಲು ಬಾರದು ಎಂಬ ಸಂಕೋಚ ಮೊದಲು ಎದುರಾಗುತ್ತದೆ. ತಮ್ಮ ಮಾತು ಸರಿಯಾದ ಕನ್ನಡವಲ್ಲ ಎಂಬ ಅಳುಕು ಅದರ ಬೆನ್ನಿಗೇ ಬರುತ್ತದೆ. ಆಶುಅಭಿನಯ, ಪರೋಕ್ಷ ಸೂಚನೆ, ಕಡಿಮೆ ಪುನರಾವರ್ತನೆ ಎಂಬ ಮೂರು ನಿರ್ದೇಶನಕ್ರಮಗಳನ್ನು ಪ್ರಸ್ತುತ ಲೇಖನ ಈ ಹಿನ್ನೆಲೆಯಲ್ಲಿ ವಿವರಿಸುತ್ತದೆ. ಇವು ಬಿಡಿಬಿಡಿಯಾದ ಮೂರು ತಂತ್ರಗಳಲ್ಲ. ವಾಕ್ಯವನ್ನು ನೆನಪಿಟ್ಟುಕೊಳ್ಳುವ ಹೊರೆಯನ್ನು ನಟನಿಂದ ಇಳಿಸಿ, ಅದನ್ನು ಕಥೆ, ಸನ್ನಿವೇಶ ಮತ್ತು ಚಿತ್ರೀಕರಣದ ತಂಡದ ಮೇಲೆ ಹಂಚುವ ಒಂದೇ ವ್ಯವಸ್ಥೆಯ ಮೂರು ಮುಖಗಳು ಎಂಬುದು ಇಲ್ಲಿಯ ಪ್ರತಿಪಾದನೆ.

‘ತಿಥಿ’: ಚಿತ್ರೀಕರಣಕ್ಕೆ ಮೊದಲಿನ ನಿರ್ದೇಶನ

ಕನ್ನಡದಲ್ಲಿ ಈ ವಿಷಯಕ್ಕೆ ಹತ್ತಿರದ ನಿದರ್ಶನ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’. 2015ರಲ್ಲಿ ಲೊಕಾರ್ನೊ ಚಲನಚಿತ್ರೋತ್ಸವದಲ್ಲಿ ಮೊದಲು ತೆರೆಕಂಡು, ಅಲ್ಲಿ ಸಮಕಾಲೀನ ಚಿತ್ರಕಾರರ ವಿಭಾಗದ ‘ಗೋಲ್ಡನ್ ಲೆಪರ್ಡ್’ ಪ್ರಶಸ್ತಿ ಪಡೆದ ಈ ಚಿತ್ರ 2016ರಲ್ಲಿ ನಮ್ಮಲ್ಲಿ ಬಿಡುಗಡೆಯಾಯಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಚಿತ್ರದ ಸ್ಥಳ. ಚನ್ನೇಗೌಡ, ತಮ್ಮೇಗೌಡ, ಸಿಂಗ್ರಿಗೌಡ, ಅಭಿಷೇಕ್, ಪೂಜಾ ಮುಂತಾದ ಮುಖ್ಯ ಪಾತ್ರಧಾರಿಗಳಲ್ಲಿ ಯಾರೂ ವೃತ್ತಿನಟರಾಗಿರಲಿಲ್ಲ. ನೂರು ದಾಟಿದ ಸೆಂಚುರಿಗೌಡ ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಅದಕ್ಕೆ ಅಪ್ಪನ ಸಹಿ ಬೇಕು. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿ ಕಾವೇರಿಯ ಮೇಲೆ ಕಣ್ಣು. ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಕಥೆ ನಡೆಯುತ್ತದೆ.

ಇಲ್ಲಿ ಗಮನಿಸಬೇಕಾದ ಮೊದಲ ಸಂಗತಿ ಚಿತ್ರದ ರಚನಾಕ್ರಮ. ನೊದೆಕೊಪ್ಪಲು ಈರೇಗೌಡರ ಸ್ವಂತ ಊರು. ರಾಮ್ ರೆಡ್ಡಿಯವರ ಜೊತೆ ಚಿತ್ರಕಥೆ ಬರೆದವರು ಅವರು. ಪಾತ್ರಧಾರಿಗಳನ್ನು ಆರಿಸುವ ಹೊಣೆ ಹೊತ್ತವರೂ ಅವರೇ. ಬರೆಯುವ ಕೈಯೂ ಮನುಷ್ಯರನ್ನು ಹುಡುಕುವ ಕಣ್ಣೂ ಒಂದೇ ಊರಿನವು. ಪಾತ್ರವನ್ನು ಮೊದಲು ಬರೆದು ಅದಕ್ಕೆ ತಕ್ಕ ಮನುಷ್ಯನನ್ನು ಹುಡುಕುವುದು ವೃತ್ತಿಪರ ಪದ್ಧತಿ. ಇರುವ ಮನುಷ್ಯನನ್ನು ಕಂಡು ಪಾತ್ರವನ್ನು ಅವನ ಕಡೆಗೆ ಸರಿಸುವುದು ಇನ್ನೊಂದು ಪದ್ಧತಿ. ಎರಡನೆಯದರಲ್ಲಿ ನಿರ್ದೇಶನದ ದೊಡ್ಡ ಪಾಲು ಕ್ಯಾಮೆರಾ ಬರುವ ಮೊದಲೇ ಮುಗಿದಿರುತ್ತದೆ, ಏಕೆಂದರೆ ನಟನಿಗೆ ತನ್ನದಲ್ಲದ ಸ್ವಭಾವವನ್ನು ಕಲಿಸಬೇಕಾದ ಪ್ರಸಂಗವೇ ಕಡಿಮೆಯಾಗುತ್ತದೆ.

ಚಿತ್ರದ ಆರಂಭವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಮುದುಕ ಬೀದಿಯ ಬದಿಗೆ ಕುಳಿತು ಹೋಗುವವರು ಬರುವವರನ್ನೆಲ್ಲ ಮಾತಿನಿಂದ ತಿವಿಯುತ್ತಾನೆ. ಇಲ್ಲಿ ದೃಶ್ಯ ಕೇಳುವುದು ಅಭಿನಯವನ್ನಲ್ಲ. ಹಳ್ಳಿಯ ಹಿರಿಯನಿಗೆ ದಿನನಿತ್ಯ ರೂಢಿಯಿರುವ ಒಂದು ಮಾತಿನ ವ್ಯವಹಾರವನ್ನು. ಗಡ್ಡಪ್ಪನ ಪಾತ್ರವೂ ಹಾಗೆಯೇ: ನಡೆಯುವುದು, ಕುಡಿಯುವುದು, ಕೇಳಿದ್ದಕ್ಕೆ ಚುಟುಕಾಗಿ ಉತ್ತರಿಸುವುದು. ಅವನಿಂದ ದೀರ್ಘ ಮಾತು ಬೇಕಾದಾಗ ಕಥೆ ಅವನನ್ನು ಕುರಿಗಾಹಿಗಳ ನಡುವೆ, ರಾತ್ರಿ ಬೆಂಕಿಯ ಮುಂದೆ ಕೂರಿಸುತ್ತದೆ. ಹಳೆಯದನ್ನು ಹೇಳಿಕೊಳ್ಳಲು ಹಳ್ಳಿಯ ಬದುಕೇ ಒದಗಿಸಿರುವ ಸ್ಥಳ ಅದು. ಪ್ರತಿ ಪಾತ್ರಕ್ಕೂ ಅವರವರ ಬದುಕಿನಲ್ಲಿ ಮೊದಲೇ ಇರುವ ಮಾತಿನ ಪ್ರಕಾರವೊಂದನ್ನು ಗುರುತಿಸಿ, ದೃಶ್ಯವನ್ನು ಅದರ ಮೇಲೆ ಕಟ್ಟುವುದು ಇಲ್ಲಿಯ ಪಾಠ. ತಿವಿಯುವುದು, ಚೌಕಾಸಿ, ಗೋಳು, ಹರಟೆ, ಪುಸಲಾಯಿಸುವುದು ಇವುಗಳಲ್ಲಿ ಯಾವುದು ಯಾರಿಗೆ ಸಲೀಸು ಎಂಬುದೇ ಪಾತ್ರಧಾರಿಯ ಆಯ್ಕೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ.

ಪ್ರಸಂಗ ನಿಗದಿ, ಅರ್ಥ ಮುಕ್ತ

ಆಶುಅಭಿನಯವೆಂದರೆ ಮನಸ್ಸಿಗೆ ಬಂದದ್ದನ್ನು ಮಾತಾಡಿ ಎಂದು ಬಿಟ್ಟುಬಿಡುವುದಲ್ಲ. ಯಕ್ಷಗಾನ ತಾಳಮದ್ದಳೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಪ್ರಸಂಗದ ಪದ್ಯಗಳು ನಿಗದಿಯಾಗಿವೆ. ಅರ್ಥಧಾರಿ ಆಡುವ ಗದ್ಯ ಆ ರಾತ್ರಿಯದು. ಕಥೆ ಎಲ್ಲಿಗೆ ಮುಟ್ಟಬೇಕೆಂಬುದು ಎಲ್ಲರಿಗೂ ಗೊತ್ತು, ಯಾವ ಮಾತಿನ ದಾರಿಯಲ್ಲಿ ಮುಟ್ಟುತ್ತದೆಂಬುದು ಗೊತ್ತಿಲ್ಲ. ಮರಾಠಿ ತಮಾಶಾದ ಬತಾವಣಿಯೂ ಇದೇ ತತ್ತ್ವದ ಮೇಲೆ ನಿಂತದ್ದು. ಆದರೆ ಅರ್ಥಧಾರಿ ಪಳಗಿದ ಕಲಾವಿದ; ಅವನ ಮಾತಿಗೆ ಓದು ಮತ್ತು ಅಭ್ಯಾಸದ ಬಲವಿದೆ. ಅವೃತ್ತಿಪರ ನಟನಿಗೆ ಆ ಬಲವಿಲ್ಲವಾದ್ದರಿಂದ ಅವನ ಪ್ರಸಂಗದ ಚೌಕಟ್ಟು ಇನ್ನೂ ಬಿಗಿಯಾಗಿರಬೇಕು.

ಚೌಕಟ್ಟಿಗೆ ಬೇಕಾದುದು ಮೂರೇ ಸಂಗತಿ. ದೃಶ್ಯದ ಕೊನೆಗೆ ಏನು ಬದಲಾಗಿರಬೇಕು ಎಂಬುದು ನಿರ್ದೇಶಕನಿಗೆ ಒಂದು ವಾಕ್ಯದಲ್ಲಿ ಗೊತ್ತಿರಬೇಕು. ಪ್ರತಿ ಪಾತ್ರಧಾರಿಗೂ ಎದುರಿನವರಿಂದ ಪಡೆಯಬೇಕಾದ ಒಂದು ವಸ್ತು ಅಥವಾ ಒಂದು ಉತ್ತರ ಇರಬೇಕು. ಒಬ್ಬರ ಗುರಿ ಮತ್ತೊಬ್ಬರಿಗೆ ಪೂರ್ತಿ ಗೊತ್ತಿರಬಾರದು. ಮೂರನೆಯದೇ ಮುಖ್ಯ. ಎದುರಿನವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿರುವ ನಟ ಕೇಳಿಸಿಕೊಳ್ಳುವುದಿಲ್ಲ, ಕಾಯುತ್ತಾನೆ. ಕ್ಯಾಮೆರಾ ಈ ವ್ಯತ್ಯಾಸವನ್ನು ಮುಚ್ಚಿಡುವುದಿಲ್ಲ.

ಬ್ರಿಟಿಷ್ ನಿರ್ದೇಶಕ ಕೆನ್ ಲೋಚ್ ಈ ತತ್ತ್ವವನ್ನು ಇಡೀ ಚಿತ್ರಕ್ಕೆ ವಿಸ್ತರಿಸಿದವರು. ಅವರು ಸಾಮಾನ್ಯವಾಗಿ ಕಥೆಯ ಕ್ರಮದಲ್ಲಿಯೇ ಚಿತ್ರೀಕರಣ ನಡೆಸುತ್ತಿದ್ದರು. ನಟರಿಗೆ ಚಿತ್ರಕಥೆಯನ್ನು ಒಟ್ಟಿಗೆ ಕೊಡದೆ ಅಗತ್ಯವಿದ್ದಷ್ಟನ್ನು ಆಗಾಗ ಕೊಡುತ್ತಿದ್ದರು. ಪಾತ್ರಕ್ಕೆ ನಾಳೆಯ ಸುದ್ದಿ ಗೊತ್ತಿಲ್ಲದಂತೆ ನಟನಿಗೂ ಗೊತ್ತಿರುವುದಿಲ್ಲ. ಸ್ಥಳ, ಬೆಳಕು, ನಟರ ದಿನಾಂಕಗಳ ಅನುಕೂಲ ನೋಡಿ ದೃಶ್ಯಗಳನ್ನು ಹಿಂದುಮುಂದು ಮಾಡಿ ಚಿತ್ರೀಕರಿಸುವುದು ಚಿತ್ರರಂಗದ ವಾಡಿಕೆ. ಕಥೆಯ ಕ್ರಮ ದುಬಾರಿ. ಅವೃತ್ತಿಪರರ ಚಿತ್ರಕ್ಕೆ ಮಾತ್ರ ಆ ವೆಚ್ಚ ಸಾರ್ಥಕ, ಏಕೆಂದರೆ ನಿನ್ನೆ ನಡೆದ ಜಗಳದ ನೆನಪನ್ನು ಅವರು ನಟಿಸಬೇಕಾಗಿಲ್ಲ. ನಿನ್ನೆ ಆ ಜಗಳ ನಡೆದೇ ಇರುತ್ತದೆ.

ಭಾವವನ್ನು ಹೇಳದೆ ಕೆಲಸವನ್ನು ಹೇಳುವುದು

ಪರೋಕ್ಷ ಸೂಚನೆಗೆ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಪ್ರಸಂಗಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 1952ರ ಅಕ್ಟೋಬರ್‌ನಲ್ಲಿ ಕಾಶ್ ಹೂವಿನ ಬಯಲಿನಲ್ಲಿ ಅವರ ಚಿತ್ರೀಕರಣ ಆರಂಭವಾಯಿತು. ಅಪುವಿನ ಪಾತ್ರದ ಸುಬೀರ್ ಬ್ಯಾನರ್ಜಿ ಎಂದೂ ನಟಿಸಿರದ ಹುಡುಗ. ಅಕ್ಕನನ್ನು ಹುಡುಕುತ್ತಾ ಹೂವಿನ ನಡುವೆ ನಡೆದು, ಅಲ್ಲಲ್ಲಿ ನಿಂತು, ಸುತ್ತ ನೋಡುವುದಷ್ಟೇ ಅವನ ಕೆಲಸ. ಹೇಳಿದಂತೆ ಮಾಡಲು ಹೋದ ಹುಡುಗನ ನಡಿಗೆ ಮರಗಟ್ಟಿತು. ಆಗ ರಾಯ್ ಅವನ ದಾರಿಯಲ್ಲಿ ಸಣ್ಣ ಕಡ್ಡಿಗಳನ್ನು ಇಡಿಸಿದರು. ಹುಡುಗ ಅವನ್ನು ದಾಟಬೇಕು. ಸಹಾಯಕರನ್ನು ಅಕ್ಕಪಕ್ಕದ ಹೂಗಿಡಗಳ ಮರೆಯಲ್ಲಿ ನಿಲ್ಲಿಸಿ, ಗೊತ್ತಾದ ಹೊತ್ತಿಗೆ ಒಬ್ಬೊಬ್ಬರಾಗಿ ಅವನನ್ನು ಕೂಗಿಸಿದರು. ಹುಡುಗ ಕಡ್ಡಿ ನೋಡಿ ಹೆಜ್ಜೆ ಇಟ್ಟ, ಕೂಗು ಕೇಳಿದತ್ತ ತಿರುಗಿದ. ತೆರೆಯ ಮೇಲೆ ನಮಗೆ ಕಾಣುವುದು ಅಕ್ಕನನ್ನು ಅರಸುವ ಅಪು.

ಇಲ್ಲಿ ನಡೆದದ್ದನ್ನು ಬಿಡಿಸಿ ನೋಡಬೇಕು. ‘ಹುಡುಕುವವನಂತೆ ನೋಡು’ ಎಂಬ ಆದೇಶ ಹುಡುಗನಿಗೆ ತನ್ನ ಹೊರರೂಪವನ್ನು ತಾನೇ ಕಾಯುವ ಕೆಲಸ ಕೊಡುತ್ತದೆ. ಕಡ್ಡಿ ಮತ್ತು ಕೂಗು ಅವನ ಗಮನವನ್ನು ಹೊರಜಗತ್ತಿಗೆ ಒಯ್ಯುತ್ತವೆ. ಗಮನ ತನ್ನ ಮೇಲಿಂದ ಸರಿದ ಕ್ಷಣ ದೇಹ ಸಡಿಲವಾಗುತ್ತದೆ. ಮಾತಿನ ವಿಷಯದಲ್ಲಿಯೂ ಇದು ಹೀಗೆಯೇ ಎಂಬುದನ್ನು ಭಾಷಾವಿಜ್ಞಾನ ಬೇರೊಂದು ದಾರಿಯಿಂದ ಕಂಡುಕೊಂಡಿದೆ. ಜನ ಯಾರೂ ಗಮನಿಸದಿರುವಾಗ ಹೇಗೆ ಮಾತಾಡುತ್ತಾರೆಂದು ತಿಳಿಯಬೇಕು, ಆದರೆ ಗಮನಿಸದೆ ತಿಳಿಯುವಂತಿಲ್ಲ: ವಿಲಿಯಂ ಲಬಾವ್ ವೀಕ್ಷಕನ ವಿರೋಧಾಭಾಸವೆಂದು ಕರೆದದ್ದು ಇದನ್ನೇ. ನ್ಯೂಯಾರ್ಕ್ ನಗರದ ತಮ್ಮ ಸಂದರ್ಶನಗಳಲ್ಲಿ ಅವರು ಜನರಿಗೆ, ಪ್ರಾಣಕ್ಕೇ ಅಪಾಯ ಬಂದ ಪ್ರಸಂಗ ಎಂದಾದರೂ ಎದುರಾಗಿತ್ತೇ ಎಂದು ಕೇಳುತ್ತಿದ್ದರು. ಆ ಕಥೆಯಲ್ಲಿ ತೊಡಗಿದವನು ಉಚ್ಚಾರಣೆಯ ಕಾವಲನ್ನು ಮರೆಯುತ್ತಿದ್ದ. ಲಬಾವ್ ಕೇಳಿದ ಪ್ರಶ್ನೆಯೂ ರಾಯ್ ಇಡಿಸಿದ ಕಡ್ಡಿಯೂ ಒಂದೇ ಜಾತಿಯವು.

ಹೀಗೆ ನೋಡಿದರೆ ಪರೋಕ್ಷ ಸೂಚನೆಯ ಸಾಮಗ್ರಿ ಮೂರು ಕಡೆಯಿಂದ ಬರುತ್ತದೆ. ಒಂದು, ಕೈಗೆ ಕೆಲಸ: ಕಾಳು ಹಸನು ಮಾಡುವುದು, ಹಗ್ಗ ಹೊಸೆಯುವುದು, ರೊಟ್ಟಿ ಬಡಿಯುವುದು. ಎರಡು, ಎದುರಿನ ನಟ: ಒಬ್ಬರಿಗೆ ಕಿವಿಯಲ್ಲಿ ಹೇಳಿದ ಸಣ್ಣ ಬದಲಾವಣೆ ಮತ್ತೊಬ್ಬರಲ್ಲಿ ನಮಗೆ ಬೇಕಾದ ಪ್ರತಿಕ್ರಿಯೆಯನ್ನು ಎಬ್ಬಿಸುತ್ತದೆ. ಮೂರು, ಹೊರಗಿನ ಘಟನೆ: ಬಾಗಿಲು ಬಡಿದ ಸದ್ದು, ಮೊಬೈಲಿನ ಕರೆ, ಒಳಬಂದ ಮಗು. ‘ಸಿಟ್ಟು ಮಾಡಿಕೊಳ್ಳಿ’, ‘ಸ್ವಲ್ಪ ದುಃಖ ಇರಲಿ’ ಎಂಬ ಭಾವವಾಚಕ ಸೂಚನೆಗಳು ಮಾತ್ರ ಈ ಪಟ್ಟಿಯಲ್ಲಿ ಇರುವುದಿಲ್ಲ. ಅವು ನಟನನ್ನು ಸಿನಿಮಾದಲ್ಲಿ ಕಂಡ ಸಿಟ್ಟಿನ ಕಡೆಗೆ, ಸಿನಿಮಾದ ಭಾಷೆಯ ಕಡೆಗೆ ಒಯ್ಯುತ್ತವೆ.

ಎರಡನೆಯ ಸಲದ ಮಾತು

ಅವೃತ್ತಿಪರ ನಟನ ಒಂದು ಟೇಕ್ ಚೆನ್ನಾಗಿ ಬಂದಿತೆನ್ನೋಣ. ‘ಬಹಳ ಚೆನ್ನಾಗಿತ್ತು, ಇದನ್ನೇ ಇನ್ನೊಮ್ಮೆ’ ಎಂದರೆ ಏನಾಗುತ್ತದೆ? ಮೊದಲ ಸಲ ಅವನು ಎದುರಿನವರಿಗೆ ಉತ್ತರ ಕೊಟ್ಟಿದ್ದ. ಎರಡನೆಯ ಸಲ ತನ್ನ ಮೊದಲ ಉತ್ತರವನ್ನು ಅನುಕರಿಸುತ್ತಾನೆ. ವೃತ್ತಿನಟನ ತರಬೇತಿಯ ಬಹುಪಾಲು ಈ ಅನುಕರಣೆಯನ್ನು ಗೆಲ್ಲುವುದಕ್ಕಾಗಿಯೇ ಇದೆ. ತರಬೇತಿ ಇಲ್ಲದವನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಪುನರಾವರ್ತನೆ ಕಡಿಮೆ ಇರಬೇಕೆಂಬ ನಿಯಮ ನಟನಿಗಿಂತ ಹೆಚ್ಚಾಗಿ ತಂಡಕ್ಕೆ ಅನ್ವಯಿಸುತ್ತದೆ. ಫೋಕಸ್ ತಪ್ಪಿತು, ಮೈಕಿಗೆ ಬಟ್ಟೆ ಉಜ್ಜಿತು, ನೆರಳು ಬಿತ್ತು ಎಂಬ ಕಾರಣಕ್ಕೆ ಟೇಕ್ ಕೆಡುವಂತಿಲ್ಲ. ತಾಂತ್ರಿಕ ತಾಲೀಮನ್ನು ನಟರ ಜಾಗದಲ್ಲಿ ಬೇರೆಯವರನ್ನು ಕೂರಿಸಿ ಮೊದಲೇ ಮುಗಿಸಬೇಕು. ಸಾಧ್ಯವಿದ್ದರೆ ಎರಡು ಕ್ಯಾಮೆರಾ ಇಟ್ಟು ಇಬ್ಬರನ್ನೂ ಒಟ್ಟಿಗೆ ಹಿಡಿಯಬೇಕು, ಏಕೆಂದರೆ ಆಶುಮಾತಿನಲ್ಲಿ ಒಬ್ಬರ ಪ್ರಶ್ನೆಯನ್ನು ಒಂದು ಟೇಕಿನಿಂದಲೂ ಇನ್ನೊಬ್ಬರ ಉತ್ತರವನ್ನು ಮತ್ತೊಂದರಿಂದಲೂ ತೆಗೆದು ಜೋಡಿಸಿದರೆ ಮಾತೇ ಹೊಂದುವುದಿಲ್ಲ.

ಇದು ಅವೃತ್ತಿಪರರಿಗೆ ಇರುವ ಏಕೈಕ ದಾರಿಯಲ್ಲ ಎಂಬುದನ್ನೂ ಹೇಳಬೇಕು. ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸೋನ್ ತಮ್ಮ ನಟರನ್ನು ‘ಮಾದರಿ’ಗಳೆಂದು ಕರೆದು, ಮಾತಿನಿಂದ ಅಭಿನಯದ ಬಣ್ಣವೆಲ್ಲ ತೊಳೆದುಹೋಗುವವರೆಗೆ ಮತ್ತೆ ಮತ್ತೆ ಹೇಳಿಸುತ್ತಿದ್ದರು. ಚೈತನ್ಯ ತಾಮ್ಹಣೆ ಅವರ ಮರಾಠಿ ಚಿತ್ರ ‘ಕೋರ್ಟ್’ (2014) ವೀರಾ ಸಾಥೀದಾರರಂಥ ಅವೃತ್ತಿಪರರನ್ನೇ ಬಳಸಿದರೂ, ಕದಲದ ದೀರ್ಘ ಶಾಟ್‌ಗಳಿಗಾಗಿ ಹತ್ತಾರು ಟೇಕ್‌ಗಳನ್ನು ತೆಗೆದ ಚಿತ್ರ. ದಣಿದ ಮೇಲೆ ಪ್ರಜ್ಞಾಪೂರ್ವಕ ಅಭಿನಯ ಕಳಚಿಬೀಳುತ್ತದೆಂಬುದು ಈ ದಾರಿಯ ನಂಬಿಕೆ. ಅದು ಫಲ ಕೊಟ್ಟಿರುವುದು ನಿಜ. ಆದರೆ ಆ ದಾರಿಗೆ ಬಹಳ ದಿನಗಳು ಬೇಕು, ಬಹಳ ಸಹನೆ ಬೇಕು. ನ್ಯಾಯಾಲಯದ ಔಪಚಾರಿಕ ಮಾತಿಗೆ, ಬ್ರೆಸೋನರ ನಿರ್ಭಾವ ಮಾತಿಗೆ ಅದು ಹೊಂದುತ್ತದೆ. ಮನೆಯೊಳಗಿನ, ಒಬ್ಬರ ಮೇಲೊಬ್ಬರು ಬಿದ್ದು ಆಡುವ ಮಾತು ಬೇಕಾದಲ್ಲಿ ಮೊದಲ ಟೇಕುಗಳೇ ಫಲವತ್ತಾದವು.

ಒಂದು ದೃಶ್ಯದ ಕಟ್ಟಣೆ: ಹಕ್ಕುಸೋಡ ಪತ್ರ

ಈ ಕ್ರಮ ನಮ್ಮ ನೆಲದಲ್ಲಿ ಹೇಗೆ ನಡೆಯಬಹುದೆಂಬುದನ್ನು ಒಂದು ಕಲ್ಪಿತ ದೃಶ್ಯದ ಮೂಲಕ ನೋಡೋಣ. ಔರಾದ ಶಹಾಜನಿಯ ಒಂದು ಕನ್ನಡ ಮನೆ. ತಂದೆ ತೀರಿದ್ದಾರೆ. ಸಾತಬಾರಾದಲ್ಲಿ ವಾರಸುದಾರರ ಹೆಸರು ಏರಿದೆ. ತಂಗಿಯ ಹೆಸರೂ ಇದೆ. ಭಾಲ್ಕಿ ಕಡೆಗೆ ಕೊಟ್ಟ ತಂಗಿಯನ್ನು ಅಣ್ಣ ಕರೆಸಿದ್ದಾನೆ. ಆಕೆ ಹಕ್ಕುಸೋಡ ಪತ್ರಕ್ಕೆ ಸಹಿ ಹಾಕಬೇಕು. ದೃಶ್ಯದ ಕೊನೆಯಲ್ಲಿ ಆಗಬೇಕಾದ ಬದಲಾವಣೆ ಇಷ್ಟೆ: ಸಹಿ ಆಗಿಲ್ಲ, ಆದರೆ ತಂಗಿ ‘ಇಲ್ಲ’ ಎಂದೂ ಹೇಳಿಲ್ಲ. ‘ತಿಥಿ’ಯ ಕಥೆಯಂತೆ ಇಲ್ಲಿಯೂ ಒಂದು ಸಹಿಗಾಗಿ ಸಂಬಂಧಗಳು ಬಾಗುತ್ತವೆ.

ಈ ದೃಶ್ಯದ ತಾಲೀಮು ಈ ದೃಶ್ಯವನ್ನು ಮುಟ್ಟಬಾರದು. ಅದರ ಹಿಂದಿನದನ್ನು ಆಡಿಸಬೇಕು. ಹಿಂದಿನ ವರ್ಷದ ಪಂಚಮಿಗೆ ತಂಗಿ ತವರಿಗೆ ಬಂದು ಮೂರು ದಿನ ಇದ್ದು ಹೋದದ್ದನ್ನು, ಈ ವರ್ಷ ಕರೆ ಬರದೆ ಉಳಿದದ್ದನ್ನು ಕ್ಯಾಮೆರಾ ಇಲ್ಲದೆ, ಮನೆಯ ಬೇರೆ ಮೂಲೆಯಲ್ಲಿ ಆಡಿಸಿದರೆ ಇಬ್ಬರಿಗೂ ಹಂಚಿಕೊಳ್ಳಲು ಒಂದು ಭೂತಕಾಲ ಸಿಗುತ್ತದೆ. ಚಿತ್ರೀಕರಣದ ದಿನ ಮೂವರಿಗೂ ಬೇರೆ ಬೇರೆಯಾಗಿ ಗುರಿ ಹೇಳಬೇಕು. ಅಣ್ಣನಿಗೆ: ನಾಲ್ಕು ಗಂಟೆಗೆ ದಸ್ತಾವೇಜು ಬರೆಯುವವನು ಎದ್ದುಹೋಗುತ್ತಾನೆ, ಅಷ್ಟರೊಳಗೆ ಸಹಿ ಬೇಕು. ತಂಗಿಗೆ: ಅವ್ವನ ಪಾಟಲಿ ಯಾರ ಹತ್ತಿರ ಇದೆಯೆಂದು ಅಣ್ಣನ ಬಾಯಿಂದಲೇ ತಿಳಿಯಬೇಕು, ಆದರೆ ನೇರ ಕೇಳಬಾರದು. ವೈನಿಗೆ: ಪಾಟಲಿಯ ಮಾತು ಬರದಂತೆ ನೋಡಿಕೊಳ್ಳಬೇಕು. ತಂಗಿಯ ಮುಂದೆ ಮೊರ ಮತ್ತು ಹಸನು ಮಾಡದ ಜೋಳ ಇಡಬೇಕು. ಕಾಗದ ಎಲ್ಲರಿಗೂ ಕಾಣುವ ಕಡೆ ಇರಬೇಕು.

ಕ್ಯಾಮೆರಾಗಳು ದೂರದಿಂದ, ಬಾಗಿಲ ಬೆಳಕಿನಲ್ಲಿ, ಯಾರ ಮೂಗಿನ ಮುಂದೆಯೂ ಬರದಂತೆ ಇರಲಿ. ಕಾಲರ್ ಮೈಕುಗಳನ್ನು ಅರ್ಧ ಗಂಟೆ ಮೊದಲೇ ಹಾಕಿಬಿಟ್ಟರೆ ಅವು ಮರೆತುಹೋಗುತ್ತವೆ. ‘ಆ್ಯಕ್ಷನ್’ ಎಂಬ ಕೂಗು ಬೇಡ. ಧ್ವನಿ ಮತ್ತು ಚಿತ್ರವನ್ನು ಹೊಂದಿಸುವ ಕ್ಲ್ಯಾಪ್ ಅನ್ನು ಶಾಟ್‌ನ ಕೊನೆಗೆ ಹೊಡೆಯಬಹುದು. ಮಾತು ಒಂದೆರಡು ನಿಮಿಷ ಎಲ್ಲಿ ಬೇಕಾದರೂ ಅಲೆಯಲಿ. ಅದು ಕಾಗದದ ಸುತ್ತಲೇ ತಿರುಗತೊಡಗಿದಾಗ ಅಣ್ಣನ ಮೊಬೈಲಿಗೆ ಒಂದು ಕರೆ ಹೋಗಲಿ: ಆಚೆ ಬದಿಯಲ್ಲಿ ದಸ್ತಾವೇಜು ಬರೆಯುವವನು, ಮರಾಠಿಯಲ್ಲಿ, ಅವಸರದಲ್ಲಿ. ಅಣ್ಣ ಅವನಿಗೆ ಮರಾಠಿಯಲ್ಲಿ ಉತ್ತರಿಸಿ ತಂಗಿಯ ಕಡೆ ಕನ್ನಡಕ್ಕೆ ಹೊರಳುತ್ತಾನೆ. ಸರಕಾರಿ ಕಾಗದದ ಭಾಷೆಗೂ ರಕ್ತಸಂಬಂಧದ ಭಾಷೆಗೂ ಇರುವ ಅಂತರವನ್ನು ಯಾವ ಬರೆದ ವಾಕ್ಯಕ್ಕಿಂತಲೂ ಈ ಹೊರಳು ಚೆನ್ನಾಗಿ ತೋರಿಸುತ್ತದೆ. ಅದನ್ನು ಅವನಿಗೆ ಹೇಳಿಕೊಡಬೇಕಾಗಿಲ್ಲ. ಅವನು ದಿನವೂ ಮಾಡುವುದೇ ಅದು.

ಬರೆದ ಸಂಭಾಷಣೆಯಲ್ಲಿ ತಂಗಿ ‘ನನಗೂ ಈ ಜಮೀನಿನಲ್ಲಿ ಹಕ್ಕಿದೆ’ ಎನ್ನುತ್ತಿದ್ದಳು. ಚೌಕಟ್ಟು ಸರಿಯಾಗಿ ಕೂತರೆ ಆಕೆಯ ಬಾಯಲ್ಲಿ ಹುಟ್ಟುವುದು, ‘ಪಂಚಮಿಗಿ ಬಾ ಅಂತ ಒಬ್ರೂ ಕರೀಲಿಲ್ಲ, ಇವತ್ತ ಹ್ಯಾಂಗ ನೆನಪಾದೆ ಯಣ್ಣಾ?’ ಎಂಬಂಥ ಮಾತು. ಹಕ್ಕಿನ ಪ್ರಶ್ನೆ ಅದರಲ್ಲಿಯೂ ಇದೆ, ಹೆಸರಿಲ್ಲದೆ ಇದೆ.

ಎರಡನೆಯ ಟೇಕ್ ಬೇಕಾದರೆ ಮೊದಲಿನದನ್ನು ಹೊಗಳಬಾರದು, ವಿಮರ್ಶಿಸಲೂಬಾರದು. ಒಂದೇ ಒಂದು ಅಂಶ ಬದಲಿಸಬೇಕು. ಅಣ್ಣನ ಕಿವಿಯಲ್ಲಿ, ಈ ಸಲ ಆಕೆ ಯಾಕೆ ಕರೆದೆ ಎಂದು ಕೇಳುವವರೆಗೆ ಕಾಗದದ ಮಾತೆತ್ತಬೇಡಿ ಎಂದರೆ ಸಾಕು; ಇಡೀ ದೃಶ್ಯ ಹೊಸದಾಗುತ್ತದೆ. ಮೂರನೆಯದು ಮಾತಿಲ್ಲದ ಶಾಟ್: ಜೋಳದಲ್ಲಿ ಓಡಾಡುವ ಕೈ, ಕಾಗದ, ಬಾಗಿಲಲ್ಲಿ ನಿಂತ ವೈನಿ. ಸಂಕಲನಕಾರನಿಗೆ ಮಾತಿನ ಅತಿಯನ್ನು ಕತ್ತರಿಸಲು ಈ ಮೌನದ ತುಣುಕುಗಳೇ ಆಸರೆ. ಅಲ್ಲಿಗೆ ನಿಲ್ಲಿಸಬೇಕು.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ

ಮಾತು ಸತ್ತಿರುವುದರ ಗುರುತುಗಳು ಕಿವಿಗೆ ಬೇಗ ಸಿಗುತ್ತವೆ. ಒಬ್ಬರ ಮಾತು ಪೂರ್ತಿ ಮುಗಿದ ಮೇಲೆಯೇ ಇನ್ನೊಬ್ಬರದು ಆರಂಭವಾಗುತ್ತದೆ. ಮಾತಾಡುವಾಗ ಕೈಯ ಕೆಲಸ ನಿಲ್ಲುತ್ತದೆ. ವಾಕ್ಯ ಮುಗಿದೊಡನೆ ಕಣ್ಣು ನಿರ್ದೇಶಕನನ್ನು ಹುಡುಕುತ್ತದೆ. ಎಲ್ಲಕ್ಕಿಂತ ಖಚಿತವಾದದ್ದು ಕ್ರಿಯಾಪದದ ರೂಪ: ಮನೆಯಲ್ಲಿ ‘ಮಾಡ್ಲತ್ತೀನಿ’ ಎನ್ನುವವರು ‘ಮಾಡುತ್ತಿದ್ದೇನೆ’ ಎಂದರೆ ಅವರು ಎದುರಿನ ಅಣ್ಣನೊಡನೆ ಮಾತಾಡುತ್ತಿಲ್ಲ, ನಮ್ಮೊಡನೆ ಮಾತಾಡುತ್ತಿದ್ದಾರೆ. ಇದಕ್ಕೆ ಕಾರಣ ಬಹುಮಟ್ಟಿಗೆ ತಂಡದಲ್ಲಿಯೇ ಇರುತ್ತದೆ. ತಂಡ ಮರಾಠಿಯಲ್ಲಿ ಮಾತಾಡಿದರೆ ದೃಶ್ಯ ಮರಾಠಿಯತ್ತ ಜಾರುತ್ತದೆ. ಬೆಂಗಳೂರಿನ ಕನ್ನಡದಲ್ಲಿ ಮಾತಾಡಿದರೆ ಪುಸ್ತಕದತ್ತ ಜಾರುತ್ತದೆ. ಸೂಚನೆಗಳನ್ನು ಊರಿನವರೇ ಒಬ್ಬರು, ಊರಿನ ಮಾತಿನಲ್ಲಿ ಹೇಳಬೇಕಾದುದು ಇದಕ್ಕಾಗಿ. ‘ತಿಥಿ’ಯಲ್ಲಿ ಈರೇಗೌಡರಂಥ ಊರಿನವರು ತಂಡದ ಒಳಗೇ ಇದ್ದುದರ ಮಹತ್ವವನ್ನು ಈ ದೃಷ್ಟಿಯಿಂದಲೂ ನೋಡಬೇಕು.

ಈ ಕ್ರಮಕ್ಕೆ ತನ್ನದೇ ಮಿತಿಗಳಿವೆ. ಆಶುಮಾತು ಸುತ್ತಿ ಸುತ್ತಿ ಹೇಳಿದ್ದನ್ನೇ ಹೇಳುತ್ತದೆ. ಬಾಯಿ ಜೋರಿದ್ದವರು ದೃಶ್ಯವನ್ನು ಕಬಳಿಸುತ್ತಾರೆ. ಮಾತಿನ ಮೇಲೆ ಮಾತು ಬಿದ್ದಾಗ ಉಪಶೀರ್ಷಿಕೆ ಬರೆಯುವವರಿಗೆ ಯಾರದನ್ನು ಹಿಡಿಯಬೇಕೆಂಬ ತೊಡಕು. ನಿರ್ದಿಷ್ಟ ಮಾಹಿತಿಯನ್ನು, ಅಂದರೆ ಗಟ್ ನಂಬರು, ದಿನಾಂಕ, ಸಾಲದ ಮೊತ್ತ ಮುಂತಾದವನ್ನು ಪ್ರೇಕ್ಷಕರಿಗೆ ಮುಟ್ಟಿಸುವ ದೃಶ್ಯಗಳಿಗೆ ಇದು ಒದಗುವುದಿಲ್ಲ. ಅಲ್ಲಿ ಬರೆದ ವಾಕ್ಯವೇ ಬೇಕು, ಅದನ್ನು ಹೇಳಬಲ್ಲ ನಟನೂ ಬೇಕು.

ಮರೆಮಾಚುವಿಕೆಯ ಗಡಿ

ಕೊನೆಯದಾಗಿ, ಪರೋಕ್ಷ ಸೂಚನೆಯಲ್ಲಿ ಮರೆಮಾಚುವುದು ಇದ್ದೇ ಇದೆ. ಅದಕ್ಕೆ ಗಡಿ ಎಲ್ಲಿ? ಕೆನ್ ಲೋಚ್ ಅವರ ‘ಕೆಸ್’ (1969) ಇಂಗ್ಲೆಂಡಿನ ಬಾರ್ನ್ಸ್‌ಲಿಯ ಗಣಿಸೀಮೆಯ ಹುಡುಗನೊಬ್ಬನ ಕಥೆ. ಅಲ್ಲಿಯ ಆಡುನುಡಿ ಎಷ್ಟು ಗಾಢವಾಗಿತ್ತೆಂದರೆ ಹೊರಗಿನ ಪ್ರೇಕ್ಷಕರಿಗಾಗಿ ಕೆಲವು ಭಾಗಗಳನ್ನು ಮತ್ತೆ ಡಬ್ ಮಾಡಬೇಕಾಯಿತು. ಇದೇ ಚಿತ್ರದಲ್ಲಿ ಮುಖ್ಯೋಪಾಧ್ಯಾಯರ ಕೋಣೆಯ ದೃಶ್ಯದಲ್ಲಿ ಹುಡುಗರ ಕೈಗೆ ನಿಜವಾಗಿಯೇ ಬೆತ್ತದ ಏಟು ಬಿತ್ತು. ಹಾಗಾಗುವುದು ಅವರಿಗೆ ಮೊದಲೇ ಗೊತ್ತಿರಲಿಲ್ಲ. ತಾನು ಪಳಗಿಸಿದ ಹಕ್ಕಿ ನಿಜವಾಗಿ ಸತ್ತಿದೆಯೆಂದು ನಾಯಕ ಪಾತ್ರದ ಡೇವಿಡ್ ಬ್ರಾಡ್ಲಿ ನಂಬುವಂತೆ ಮಾಡಲಾಗಿತ್ತು. ತೆರೆಯ ಮೇಲಿನ ನೋವು ನಿಜ, ಹಾಗೆಯೇ ಹುಡುಗರಿಗೆ ಆದ ವಂಚನೆಯೂ ನಿಜ. ರಾಯ್ ಇಡಿಸಿದ ಕಡ್ಡಿಗೂ ಈ ಬೆತ್ತಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಹೇಳಬಹುದು: ಮೊದಲನೆಯದರಲ್ಲಿ ಪಾತ್ರಕ್ಕೆ ಗೊತ್ತಿರಬಾರದ್ದನ್ನು ಬಚ್ಚಿಡಲಾಗಿದೆ, ಎರಡನೆಯದರಲ್ಲಿ ಒಪ್ಪಬೇಕೋ ಬೇಡವೋ ಎಂದು ಮನುಷ್ಯ ನಿರ್ಧರಿಸಲು ಬೇಕಾದ್ದನ್ನೇ ಬಚ್ಚಿಡಲಾಗಿದೆ.

ನಮ್ಮ ಕಲ್ಪಿತ ದೃಶ್ಯದಲ್ಲಿಯೂ ಈ ಗಡಿ ಬಹಳ ಹತ್ತಿರದಲ್ಲಿದೆ. ತಂಗಿಯ ಪಾತ್ರ ಮಾಡುವವರು ನಿಜ ಬದುಕಿನಲ್ಲಿ ಅಂಥದೇ ಕಾಗದಕ್ಕೆ ಸಹಿ ಹಾಕಿದವರಾಗಿರಬಹುದು. ಅವರ ಗಾಯವನ್ನು ತಿಳಿದು ಅದಕ್ಕೇ ಬೆರಳಿಟ್ಟರೆ ಮಾತು ಖಂಡಿತ ಹೊಮ್ಮುತ್ತದೆ. ಆದರೆ ಚಿತ್ರ ಮುಗಿದ ಮೇಲೆಯೂ ಅವರು ಅದೇ ಊರಲ್ಲಿ, ಅದೇ ಬಂಧುಗಳ ನಡುವೆ ಬಾಳಬೇಕು. ಆದ್ದರಿಂದ ದೃಶ್ಯದ ವಿಷಯ ಏನೆಂಬುದನ್ನು, ಅಂದರೆ ಹಕ್ಕುಸೋಡ ಪತ್ರದ ಮಾತು ಬರುತ್ತದೆಂಬುದನ್ನು, ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಅಣ್ಣ ಅದನ್ನು ಯಾವಾಗ, ಹೇಗೆ ಎತ್ತುತ್ತಾನೆಂಬುದನ್ನು ಮಾತ್ರ ಹೇಳದಿರಬಹುದು. ಸಂಕಲನದ ನಂತರ ಆ ಭಾಗವನ್ನು ಅವರಿಗೆ ತೋರಿಸಿ, ಬೇಡವೆಂದ ಮಾತನ್ನು ತೆಗೆಯುವ ಅವಕಾಶ ಇಡಬೇಕು. ಹೀಗೆ ಮಾಡಿದಾಗ ಒಂದೆರಡು ಒಳ್ಳೆಯ ವಾಕ್ಯಗಳು ಕೈತಪ್ಪುತ್ತವೆ. ಅವು ಮೊದಲಿನಿಂದಲೂ ನಮ್ಮವಾಗಿರಲಿಲ್ಲ, ಆಡಿದವರವು.